ನಾಲ್ಕು ಹಾಳೆಗಳಲ್ಲಿ ಒಂದು ಭೂಪಟ

ಮಕ್ಕಳ ಕೋಣೆಯ ಗೋಡೆಗೆ ದೊಡ್ಡದೊಂದು ಭೂಪಟ ಬೇಕು. ಅದು ಪಿಡಿಎಫ್ ಕಡತವಾಗಿ ಕೈಗೆ ಬಂದಿದೆ. ಅಳತೆ ಎ2, ಎಂದರೆ 420 ಮಿಲಿಮೀಟರು ಅಗಲ, 594 ಮಿಲಿಮೀಟರು ಎತ್ತರ. ಮನೆಯ ಮುದ್ರಣಯಂತ್ರವಾದರೋ 210ಕ್ಕೆ 297ರ ಎ4 ಹಾಳೆಯನ್ನು ಮಾತ್ರ ನುಂಗಬಲ್ಲದು. ಚಿತ್ರವನ್ನು ತುಂಡುಮಾಡಿ ಅಚ್ಚುಹಾಕಿ, ಮನೆಯಲ್ಲಿಯೇ ಅಂಟಿಸಿಕೊಳ್ಳುವ ಬಗೆಯನ್ನು ಈಗ ನೋಡೋಣ.

ಎ4ರ ನಾಲ್ಕು ಹಾಳೆ ಜೋಡಿಸಿದರೆ ಸರಿಯಾಗಿ ಒಂದು ಎ2 ಆಗುತ್ತದೆ. ಆದುದರಿಂದ ನಾಲ್ಕೇ ಹಾಳೆ ಸಾಕೆಂದು ನಿಮಗೆ ತೋರಬಹುದು. ಲೆಕ್ಕ ತಪ್ಪುವುದು ಇಲ್ಲಿಯೇ. ಸಾಮಾನ್ಯವಾಗಿ ಮನೆಯ ಯಂತ್ರಗಳು ಹಾಳೆಯ ಅಂಚಿನವರೆಗೂ ಅಚ್ಚುಹಾಕುವುದಿಲ್ಲ. ಸುತ್ತಲೂ ಐದು ಮಿಲಿಮೀಟರು ಬಿಳಿ ಉಳಿಯಿತೆನ್ನಿ. ಚಿತ್ರಕ್ಕೆ ದೊರೆಯುವುದು 200ಕ್ಕೆ 287 ಮಾತ್ರ. ಇದರ ಮೇಲೆ, ಪಕ್ಕಪಕ್ಕದ ಎರಡು ಹಾಳೆಗಳಲ್ಲಿಯೂ ಚಿತ್ರದ ಹತ್ತು ಮಿಲಿಮೀಟರಿನ ಒಂದೇ ಪಟ್ಟಿ ಎರಡು ಸಲ ಅಚ್ಚಾಗಬೇಕು. ಇದನ್ನು ಕೂಡುಪಟ್ಟಿ ಎನ್ನೋಣ. ಇದಿಲ್ಲದೆ ಅಂಚಿಗೆ ಅಂಚು ತಾಗಿಸಿದರೆ, ಕತ್ತರಿ ಕೂದಲೆಳೆಯಷ್ಟು ತಪ್ಪಿದರೂ ಬಿಳಿಯ ಗೀರು ಕಾಣುತ್ತದೆ. ಅಂಟು ಹಚ್ಚಲು ಜಾಗವೂ ಇರುವುದಿಲ್ಲ.

ಈಗ ಎಣಿಸಿ. ಅಗಲಕ್ಕೆ ಎರಡು ಹಾಳೆ ಸೇರಿ 400. ಕೂಡುಪಟ್ಟಿ ಕಳೆದರೆ 390. ಬೇಕಾದದ್ದು 420. ಎತ್ತರಕ್ಕೆ ಎರಡು ಸೇರಿ 564; ಬೇಕಾದದ್ದು 594. ಎರಡು ಕಡೆಯೂ ಸ್ವಲ್ಪದರಲ್ಲಿ ಸಾಲದೆ ಮೂರು ಮೂರು ಹಾಳೆಗಳಾಗಿ, ನಾಲ್ಕರ ಬದಲು ಒಂಬತ್ತು ಹಾಳೆ ಹೊರಬರುತ್ತವೆ. ಚಿತ್ರವನ್ನು ನೂರಕ್ಕೆ 92ರಷ್ಟಕ್ಕೆ ಇಳಿಸಿದಿರೋ, ಅದರ ಅಗಲ 386, ಎತ್ತರ 546 ಮಿಲಿಮೀಟರು, ನಾಲ್ಕರಲ್ಲಿಯೇ ಅಡಗುತ್ತದೆ. ಗೋಡೆಯ ಮೇಲೆ ಈ ವ್ಯತ್ಯಾಸ ಯಾರಿಗೂ ತಿಳಿಯದು.

ಅಕ್ರೊಬ್ಯಾಟ್ ರೀಡರಿನಲ್ಲಿ ಮುದ್ರಣದ ಆಜ್ಞೆ ಕೊಟ್ಟಾಗ Poster ಎಂಬ ಗುಂಡಿ ಕಾಣುತ್ತದೆ. ಅದನ್ನು ಒತ್ತಿ, Tile Scale ಎಂಬಲ್ಲಿ 92 ಎಂದೂ, Overlap ಎಂಬಲ್ಲಿ ಹತ್ತು ಮಿಲಿಮೀಟರು ಎಂದೂ ಬರೆಯಿರಿ. ಅಂಗುಲದಲ್ಲಿ ಕೇಳಿದರೆ 0.4 ಎನ್ನಿ. ಪಕ್ಕದ ಪುಟ್ಟ ಚಿತ್ರದಲ್ಲಿ ಹಾಳೆಗಳ ವಿಭಾಗ ಕಾಣುತ್ತದೆ. ನಿಮ್ಮ ಯಂತ್ರ ಬಿಡುವ ಅಂಚು ಹೆಚ್ಚಾಗಿದ್ದು ನಾಲ್ಕಕ್ಕಿಂತ ಹೆಚ್ಚು ಹಾಳೆ ತೋರಿದರೆ, 92ನ್ನು ಒಂದೊಂದಾಗಿ ಇಳಿಸುತ್ತ ಬನ್ನಿ. ಯಂತ್ರದ ಸ್ವಂತ ಏರ್ಪಾಡಿನಲ್ಲಿ ಚಿತ್ರವನ್ನು ಹಾಳೆಗೆ ಹೊಂದಿಸುವ ಆಯ್ಕೆ ಇದ್ದರೆ ಅದನ್ನು ತೆಗೆದುಬಿಡಿ. ಇಲ್ಲವಾದರೆ ಅಳತೆ ಎರಡನೆಯ ಸಲ ಕುಗ್ಗುತ್ತದೆ. ಮೊದಲು ಒಂದೇ ಹಾಳೆ ತೆಗೆದು ಅಡಿಪಟ್ಟಿಯಿಂದ ಅಳೆದು ನೋಡುವುದು ಒಳ್ಳೆಯದು. ಮೂಲದಲ್ಲಿ 100 ಮಿಲಿಮೀಟರು ಇದ್ದ ಗೆರೆ 92 ಇರಬೇಕು.

ಮಸಿ ಒಣಗಿದ ಮೇಲೆ ನಾಲ್ಕು ಹಾಳೆಗಳನ್ನು ಮೇಜಿನ ಮೇಲೆ ಸ್ಥಾನಕ್ಕೆ ಸರಿಯಾಗಿ ಹರಡಿ. ಎಲ್ಲ ಅಂಚುಗಳನ್ನೂ ಕತ್ತರಿಸಬೇಡಿ. ಬಲಗಡೆಯ ಹಾಳೆಗಳ ಎಡ ಅಂಚು, ಕೆಳಗಿನ ಹಾಳೆಗಳ ಮೇಲಂಚು, ಇಷ್ಟನ್ನು ಮಾತ್ರ ಚಿತ್ರ ಆರಂಭವಾಗುವ ಗೆರೆಗೆ ಸರಿಯಾಗಿ ಕತ್ತರಿಸಿ. ಮೇಲಿನ ಸಾಲಿನ ಎಡದ ಹಾಳೆಗೆ ಕತ್ತರಿಯೇ ತಾಗುವುದಿಲ್ಲ. ಕೆಳಸಾಲಿನ ಬಲದ ಹಾಳೆಗೆ ಎರಡು ಕಡೆ ತಾಗುತ್ತದೆ.

ಬಲದ ಹಾಳೆಯನ್ನು ಎಡದ ಹಾಳೆಯ ಕೂಡುಪಟ್ಟಿಯ ಮೇಲೆ ಇಟ್ಟು ಮೆಲ್ಲನೆ ಸರಿಸಿ. ಒಂದು ನದಿಯೋ ರಸ್ತೆಯೋ ಮೇಲುಗಡೆ, ಇನ್ನೊಂದು ಕೆಳಗಡೆ, ಹೀಗೆ ಎರಡು ಗೆರೆ ಕೂಡಿದರೆ ನಡುವಿನದು ತಾನಾಗಿ ಕೂಡುತ್ತದೆ. ಹಗಲಿನಲ್ಲಿ ಕಿಟಕಿಯ ಗಾಜಿಗೆ ಒತ್ತಿ ಹಿಡಿದರೆ ಕೆಳಗಿನ ಅಚ್ಚೂ ಕಾಣುತ್ತದೆ. ಬಳಿಕ ಬಲದ ಹಾಳೆಯ ಬೆನ್ನಿನ ಅಂಚಿಗೆ ಬೆರಳಗಲದಷ್ಟು ಅಂಟು ಹಚ್ಚಿ ಕೂರಿಸಿ. ಒಣ ಅಂಟುಕಡ್ಡಿಯೇ ಮೇಲು. ನೀರಾದ ಮೈದಾ ಅಂಟು ಕಾಗದವನ್ನು ಹಿಗ್ಗಿಸಿ ಸುಕ್ಕು ಮಾಡುತ್ತದೆ. ಸಾಲುಗಳೆರಡನ್ನೂ ಬೇರೆಬೇರೆಯಾಗಿ ಮುಗಿಸಿ, ಕಡೆಗೆ ಕೆಳಸಾಲನ್ನು ಮೇಲುಸಾಲಿನ ಕೂಡುಪಟ್ಟಿಯ ಮೇಲೆ ಕೂರಿಸಿ. ಹೊರಗಿನ ಬಿಳಿ ಅಂಚನ್ನು ಎಲ್ಲ ಮುಗಿದ ಮೇಲೆ ತೆಗೆಯಿರಿ.

ಮೇಲಿನ ಗೆರೆ ಕೂಡಿ ಕೆಳಗಿನದು ತಪ್ಪಿದರೆ, ಕತ್ತರಿ ಓರೆಯಾಗಿದೆ ಅಥವಾ ಹಾಳೆ ಯಂತ್ರದೊಳಗೆ ಓರೆಯಾಗಿ ಹೋಗಿದೆ ಎಂದು ತಿಳಿಯಿರಿ. ಎರಡನೆಯದಾದರೆ ಚಿತ್ರದ ಸುತ್ತಣ ಬಿಳಿಯ ಪಟ್ಟಿಯೂ ಒಂದು ತುದಿಯಲ್ಲಿ ಸಣ್ಣದಾಗಿರುತ್ತದೆ. ಆ ಹಾಳೆಯೊಂದನ್ನೇ ಮತ್ತೆ ತೆಗೆದರಾಯಿತು. ಅಳತೆಗಳನ್ನು ಮಾತ್ರ ಬದಲಿಸಬೇಡಿ.

ಕೊನೆಗೊಂದು ಮಾತು. ಭೂಪಟವನ್ನು ಇಳಿಸಿದಾಗ, ಸೆಂಟಿಮೀಟರಿಗೆ ಇಷ್ಟು ಕಿಲೋಮೀಟರು ಎಂದು ಬರೆದ ಮಾತು ಸುಳ್ಳಾಗುತ್ತದೆ. ಗೆರೆಯಾಗಿ ಎಳೆದ ಮಾನದಂಡ ಭೂಪಟದೊಡನೆಯೇ ಕುಗ್ಗುವುದರಿಂದ ನಿಜವಾಗಿಯೇ ಉಳಿಯುತ್ತದೆ. ರವಿಕೆ ಹೊಲಿಯುವ ಅಳತೆಯ ನಕಾಶೆಯಾದರೆ ಇಳಿಸುವಂತೆಯೇ ಇಲ್ಲ. ಅದಕ್ಕೆ 100 ಎಂದೇ ಬರೆದು, ಒಂಬತ್ತು ಹಾಳೆಗಳನ್ನು ಜೋಡಿಸತಕ್ಕದ್ದು.