ಮನವಿಯ ತಲೆಬರಹ
(ಕಿಕ್ಕೇರಿಯಲ್ಲಿ ಮಾಡಿದ ಭಾಷಣ)



ಸಹಿ ಸಂಗ್ರಹವಾಗಲಿ, ಚಂದಾ ಎತ್ತುವುದಾಗಲಿ ಈಗ ಫೋನಿಗೆ ಬಂದಿದೆ. ಆದರೆ ನಾವು ಕೊಡುವ ತಲೆಬರಹ ಮಾತ್ರ ಇನ್ನೂ ವೇದಿಕೆಯ ಭಾಷಣದಂತೆಯೇ ಇದೆ. 'ನಮ್ಮ ಊರಿಗೆ ನ್ಯಾಯ ಕೊಡಿ' ಎಂದು ಬರೆಯುತ್ತೇವೆ. ಕಿಕ್ಕೇರಿಯಲ್ಲಿ ಓದುವವನಿಗೆ ಅದು ಅರ್ಥವಾದೀತು. ಅದೇ ಬರಹ ಮೂರು ಕೈ ದಾಟಿ ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸದವಳಿಗೆ ತಲುಪಿದಾಗ 'ನಮ್ಮ ಊರು' ಎಂದರೆ ಯಾವುದು? ಹಂಚುವಾಗ ಹೋಗುವುದು ತಲೆಬರಹ, ಒಂದು ಚಿತ್ರ, ಎರಡು ಸಾಲು ಅಷ್ಟೆ. ನಮ್ಮ ವಿವರಣೆ ಹಿಂದೆಯೇ ಉಳಿಯುತ್ತದೆ.

ಬೆಂಗಳೂರಿನಲ್ಲಿ 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟಲು ಸರ್ಕಾರ ಹೊರಟಿತು. ಅದನ್ನು ವಿರೋಧಿಸಿದವರು ಇಟ್ಟುಕೊಂಡ ಹೆಸರು #SteelFlyoverBeda. ಇದರಲ್ಲಿ ಎರಡು ಗುಣಗಳಿವೆ. ಪತ್ರಿಕೆಯಲ್ಲಿ ಸುದ್ದಿ ಓದಿ ಹುಡುಕುವವನು ಬೆರಳಲ್ಲಿ ಒತ್ತುವುದು 'ಸ್ಟೀಲ್ ಫ್ಲೈಓವರ್' ಎಂದೇ. ಆ ಪದಗಳು ಅಲ್ಲಿವೆ. 'ಬೇಡ' ಎಂಬ ಒಂದೇ ಮಾತಿನಲ್ಲಿ ಬೇಡಿಕೆಯೂ ಮುಗಿಯಿತು. 'ಬೆಂಗಳೂರು ಉಳಿಸಿ' ಎಂದಿದ್ದರೆ ಯಾವುದರಿಂದ ಉಳಿಸಬೇಕೆಂದು ಕೇಳಬೇಕಾಗುತ್ತಿತ್ತು. ಅಕ್ಟೋಬರ್ 16ರಂದು ಜನ ಮಾನವ ಸರಪಳಿ ಕಟ್ಟಿದರು. ಹಸಿರು ನ್ಯಾಯಮಂಡಳಿಗೂ ಹೋದರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಹೆಸರೇ ಗೆಲ್ಲಿಸಿತೆಂದು ನಾನು ಹೇಳುವುದಿಲ್ಲ; ಚದುರಿದ್ದ ಜನಕ್ಕೆ ಒಂದೇ ಜಾಗ ತೋರಿಸಿತು.

ಈಗ ನಮ್ಮದನ್ನೇ ನೋಡೋಣ. ಕಿಕ್ಕೇರಿಯಿಂದ ಕೆ.ಆರ್.ಪೇಟೆಗೆ ಹೋಗುವ ಬೆಳಗಿನ ಬಸ್ಸು ನಿಂತಿತೆಂದಿಟ್ಟುಕೊಳ್ಳಿ. 'ಬಡವರ ಕೂಗು ಕೇಳಿ' ಎನ್ನಬೇಡಿ. 'ಕಿಕ್ಕೇರಿ–ಕೆ.ಆರ್.ಪೇಟೆ ಬೆಳಗಿನ 7ರ ಬಸ್ ಮತ್ತೆ ಓಡಿಸಿ' ಎನ್ನಿ. ಊರು ಮೊದಲು ಬರಲಿ. ಸಾಲು ಉದ್ದವಾದರೆ ಫೋನು ಕತ್ತರಿಸುವುದು ಬಾಲವನ್ನೇ. ಅಂಗಡಿ ಇಟ್ಟವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬೋರ್ಡಿನಲ್ಲಿ ದೇವರ ಹೆಸರೊಂದೇ ಇದ್ದರೆ ಒಳಗೆ ಮೊಳೆ ಸಿಗುತ್ತದೋ ಬೆಲ್ಲ ಸಿಗುತ್ತದೋ ಗೊತ್ತಾಗುವುದಿಲ್ಲ.

ಸಾರಾಂಶದ ಮೊದಲ ವಾಕ್ಯದಲ್ಲಿ ಯಾರಿಗೆ ಏನು ತಪ್ಪಿತು, ಎರಡನೆಯದರಲ್ಲಿ ಯಾರು ಏನು ಮಾಡಬೇಕು: 'ಬಸ್ ನಿಂತ ಮೇಲೆ ಕಾಲೇಜು ಮಕ್ಕಳು ಮೊದಲ ತರಗತಿ ಕಳೆದುಕೊಳ್ಳುತ್ತಿದ್ದಾರೆ. ಸಾರಿಗೆ ನಿಗಮ ಅದೇ ವೇಳೆಗೆ ಬಸ್ ಬಿಡಲಿ.' ಅನೇಕರು ಇಂಗ್ಲಿಷ್ ಅಕ್ಷರದಲ್ಲೇ ಹುಡುಕುತ್ತಾರಾದ್ದರಿಂದ ಒಳಗೆ ಒಂದು ಕಡೆ Kikkeri, KR Pet bus ಎಂದೂ ಸೇರಿಸಿ. ಚಂದಾ ಮನವಿಯಾದರೆ ಮೊತ್ತ ಎಷ್ಟು, ಯಾವ ಖರ್ಚಿಗೆ ಎಂಬುದು ಇಲ್ಲಿಯೇ ಬರಬೇಕು.

ಹೆಚ್ಚಿಸಿ ಬರೆಯುವ ಆಸೆ ನನಗೂ ಬರುತ್ತದೆ. ಮೇಷ್ಟ್ರ ಹಳೇ ಚಾಳಿ. 'ಕಿಕ್ಕೇರಿಗೆ ಬಸ್ಸೇ ಇಲ್ಲ' ಎಂದರೆ ಹತ್ತು ಜನ ಹೆಚ್ಚು ಒತ್ತಿ ನೋಡಿಯಾರು. ಮಧ್ಯಾಹ್ನದ ಬಸ್ಸು ಕಂಡವನೊಬ್ಬ ಸುಳ್ಳೆಂದು ಬರೆದರೆ ಅದೂ ಜೊತೆಗೇ ಹರಡುತ್ತದೆ. ಆಮೇಲೆ ತಿದ್ದಿದರೂ, ವಾಟ್ಸಾಪಿನಲ್ಲಿ ಆಗಲೇ ಹೋದ ಸಂದೇಶದ ಮೇಲೆ ಹಳೆಯ ತಲೆಬರಹವೇ ಉಳಿದಿರುತ್ತದೆ. ಆದುದರಿಂದ ಕಳುಹಿಸುವ ಮೊದಲು ಬೇರೆ ತಾಲ್ಲೂಕಿನ ಒಬ್ಬ ನೆಂಟರಿಗೆ ಆ ಎರಡು ಸಾಲನ್ನಷ್ಟೇ ಓದಿ, ಏನು ಕೇಳುತ್ತಿದ್ದೇವೆಂದು ಅವರಿಂದಲೇ ಹೇಳಿಸಿ. ಅವರು 'ಯಾವ ಊರು?' ಎಂದರೆ ಮತ್ತೆ ಬರೆಯಿರಿ.