ಕಿವಿಯಿಂದ ತೆಗೆದರೆ ಹಾಡು ನಿಲ್ಲುವುದು ಹೇಗೆ?



ತಂತಿಯಿಲ್ಲದ ಇಯರ್‌ಬಡ್‌ಗಳನ್ನು ಕಿವಿಗೆ ಹಾಕಿಕೊಂಡು ಹಾಡು ಕೇಳುತ್ತಿದ್ದೀರಿ. ಯಾರೋ ಕರೆದರು ಎಂದು ಒಂದನ್ನು ಕಿವಿಯಿಂದ ತೆಗೆದಿರಿ. ಹಾಡು ತಾನಾಗಿಯೇ ನಿಂತಿತು. ಮತ್ತೆ ಹಾಕಿಕೊಂಡಿರಿ, ನಿಂತಲ್ಲಿಂದಲೇ ಮುಂದುವರಿಯಿತು. ಈ ಸೌಲಭ್ಯವಿರುವ ಇಯರ್‌ಬಡ್ ನಿಮ್ಮಲ್ಲಿದ್ದರೆ ಇದು ನಿಮಗೆ ಹೊಸತಲ್ಲ. ಆದರೆ ಕಿವಿಯಲ್ಲಿ ಭದ್ರವಾಗಿ ಇರುವಾಗಲೇ ಹಾಡು ನಿಂತುಬಿಡುವುದು, ತೆಗೆದು ಹಾಕಿದರೂ ಮತ್ತೆ ಶುರುವಾಗದಿರುವುದು ಸಹ ನಿಮಗೆ ಅಷ್ಟೇ ಪರಿಚಿತವಾಗಿರಬಹುದು. ಇಂದು ಈ ಎರಡು ತೊಂದರೆಗಳ ಮೂಲವನ್ನು ಹುಡುಕೋಣ.

ಮೊದಲಿಗೆ ಮನೆಯ ಟೆಲಿವಿಷನ್ ರಿಮೋಟನ್ನು ಕೈಗೆತ್ತಿಕೊಳ್ಳಿ. ಅದರ ತುದಿಯನ್ನು ಮೊಬೈಲಿನ ಮುಂದಿನ ಕ್ಯಾಮೆರಾಗೆ ತೋರಿಸುತ್ತಾ ಗುಂಡಿ ಒತ್ತಿ. ಕಣ್ಣಿಗೆ ಏನೂ ಕಾಣದಿದ್ದರೂ ಮೊಬೈಲಿನ ಪರದೆಯ ಮೇಲೆ ನಸುನೇರಳೆ ಬಣ್ಣದ ಬೆಳಕು ಮಿನುಗುವುದು ಸಾಮಾನ್ಯವಾಗಿ ಕಾಣುತ್ತದೆ. ಅದು ಅವಗೆಂಪು ಬೆಳಕು, ಅಂದರೆ ಇನ್ಫ್ರಾರೆಡ್. ಅನೇಕ ಇಯರ್‌ಬಡ್‌ಗಳ ಒಳಮೈಯಲ್ಲಿ, ಕಿವಿಗೆ ತಾಗುವ ಕಡೆ, ಸಾಸಿವೆ ಕಾಳಿನಷ್ಟು ಚಿಕ್ಕದಾದ ಒಂದು ಕಪ್ಪು ಕಿಂಡಿ ಇರುತ್ತದೆ. ಅದರ ಹಿಂದೆ ಇಂಥದೇ ಬೆಳಕು ಬೀರುವ ಪುಟ್ಟ ಎಲ್‌ಇಡಿ ಮತ್ತು ಬೆಳಕನ್ನು ವಿದ್ಯುತ್ತಾಗಿಸುವ ಫೋಟೋಡಯೋಡ್ ಪಕ್ಕಪಕ್ಕದಲ್ಲಿ ಕುಳಿತಿರುತ್ತವೆ. ಎಲ್‌ಇಡಿಯಿಂದ ಹೊರಟ ಬೆಳಕು ಎದುರಿಗಿರುವ ಚರ್ಮಕ್ಕೆ ಬಡಿದು ಹಿಂತಿರುಗಿದರೆ ಫೋಟೋಡಯೋಡ್‌ಗೆ ಅದು ತಿಳಿಯುತ್ತದೆ. ಎದುರಿಗೆ ಏನೂ ಇಲ್ಲದಿದ್ದರೆ ಬೆಳಕು ಹೋದದ್ದು ಹೋದಂತೆಯೇ.

ಹಾಗಾಗಿ ಇಯರ್‌ಬಡ್‌ಗೆ ಕಿವಿ ಎಂದರೇನು ಎಂದು ಗೊತ್ತಿಲ್ಲ. ಹತ್ತಿರದಲ್ಲಿ ಏನೋ ಇದೆ, ಅಥವಾ ಇಲ್ಲ, ಇಷ್ಟನ್ನೇ ಅದು ಬಲ್ಲದು. ಉಳಿದದ್ದೆಲ್ಲ ಊಹೆ.

ಈಗ ಒಂದು ಪ್ರಶ್ನೆ ಏಳುತ್ತದೆ. ಬಿಸಿಲಿನಲ್ಲಿಯೂ ಹೇರಳವಾಗಿ ಅವಗೆಂಪು ಬೆಳಕು ಇದೆಯಲ್ಲ, ಇಯರ್‌ಬಡ್ ಅದನ್ನೇ ತನ್ನ ಬೆಳಕೆಂದು ತಿಳಿಯುವುದಿಲ್ಲವೇ? ನಮ್ಮ ಸ್ಟುಡಿಯೋಗಳಲ್ಲಿ ಹ್ಯಾಲೊಜನ್ ದೀಪಗಳು ಉರಿಯುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ. ಆ ದೀಪಗಳು ಕಾಣುವ ಬೆಳಕಿಗಿಂತ ಹೆಚ್ಚಾಗಿ ಅವಗೆಂಪನ್ನೇ ಸುರಿಯುತ್ತವೆ. ಹಾಗಿದ್ದೂ ಅವುಗಳ ನಡುವೆ ಮಾನಿಟರಿನ ರಿಮೋಟು ಕೆಲಸ ಮಾಡುತ್ತಿತ್ತು. ಕಾರಣವೇನೆಂದರೆ ರಿಮೋಟು ತನ್ನ ಬೆಳಕನ್ನು ಸೆಕೆಂಡಿಗೆ ಸುಮಾರು 38,000 ಬಾರಿ ಹೊತ್ತಿಸಿ ಆರಿಸುತ್ತದೆ, ಟೆಲಿವಿಷನ್ ಆ ಮಿಡಿತವನ್ನು ಮಾತ್ರ ಗಮನಿಸುತ್ತದೆ. ಇಯರ್‌ಬಡ್‌ನಲ್ಲಿರುವ ಉಪಾಯ ಇದಕ್ಕೂ ಸರಳ. ಎಲ್‌ಇಡಿಯನ್ನು ಒಂದು ಕ್ಷಣ ಹೊತ್ತಿಸಿ ಬೆಳಕನ್ನು ಅಳೆಯುವುದು, ಆರಿಸಿ ಮತ್ತೆ ಅಳೆಯುವುದು, ಮೊದಲನೆಯದರಿಂದ ಎರಡನೆಯದನ್ನು ಕಳೆಯುವುದು. ಬಿಸಿಲು ಎರಡರಲ್ಲೂ ಸಮನಾಗಿ ಇರುವುದರಿಂದ ಕಳೆದುಹೋಗುತ್ತದೆ. ಉಳಿಯುವುದು ತನ್ನದೇ ಬೆಳಕು.

ಲೆಕ್ಕಕ್ಕೆ ಅನುಕೂಲವಾಗಲೆಂದು ಕೆಲವು ಅಂಕಿಗಳನ್ನು ನಾವೇ ಇಟ್ಟುಕೊಳ್ಳೋಣ. ಗಾಳಿಯಲ್ಲಿ ಹಿಡಿದಾಗ ಈ ಕಳೆದ ಮೊತ್ತ 40 ಬರುತ್ತದೆ, ಕಿವಿಯಲ್ಲಿ ಸರಿಯಾಗಿ ಕುಳಿತಾಗ 600 ಬರುತ್ತದೆ ಎನ್ನೋಣ. ನಡುವೆ ಎಲ್ಲೋ ಒಂದು ಗೆರೆ ಎಳೆದರೆ ಸಾಲದು. 300ಕ್ಕೆ ಗೆರೆ ಎಳೆದು, ಅಳತೆ 295ಕ್ಕೂ 305ಕ್ಕೂ ನಡುವೆ ಓಲಾಡಿದರೆ ಹಾಡು ನಿಲ್ಲುತ್ತ ಹೊರಡುತ್ತ ಬಿಕ್ಕಳಿಸುತ್ತದೆ. ಆದ್ದರಿಂದ ಎರಡು ಗೆರೆಗಳನ್ನು ಇಡುತ್ತಾರೆ. ಅಳತೆ 400 ದಾಟಿದರೆ ‘ಕಿವಿಗೆ ಬಂತು’, 250ಕ್ಕಿಂತ ಇಳಿದರೆ ‘ಕಿವಿ ಬಿಟ್ಟಿತು’. ನಡುವೆ ಇದ್ದರೆ ಹಿಂದಿನ ತೀರ್ಮಾನವೇ ಉಳಿಯುತ್ತದೆ. ಮನೆಯ ಇಸ್ತ್ರಿ ಪೆಟ್ಟಿಗೆಯ ಥರ್ಮೋಸ್ಟಾಟ್ ಕೆಲಸ ಮಾಡುವುದೂ ಹೀಗೆಯೇ. ಜೊತೆಗೆ, ಕ್ಷಣಮಾತ್ರದ ಏರಿಳಿತವನ್ನು ಲೆಕ್ಕಕ್ಕೆ ಹಿಡಿಯದೆ, ಅಳತೆ ಸ್ವಲ್ಪ ಹೊತ್ತು ಹಾಗೆಯೇ ನಿಂತರೆ ಮಾತ್ರ ತೀರ್ಮಾನ ಬದಲಿಸುತ್ತಾರೆ.

ಈ ನಾಲ್ಕು ಅಂಕಿಗಳನ್ನು ನೆನಪಿಟ್ಟುಕೊಂಡರೆ ಎಲ್ಲ ತೊಂದರೆಗಳೂ ತಾವಾಗಿ ಬಿಡಿಸಿಕೊಳ್ಳುತ್ತವೆ. ಕಿಂಡಿಯ ಮೇಲೆ ದಪ್ಪ ಕೊಳೆ ಕೂತರೆ ಬೆಳಕು ಹೊರಗೂ ಹೋಗದು, ಒಳಗೂ ಬಾರದು. 600 ಇದ್ದದ್ದು 200 ಆಗುತ್ತದೆ, ಕಿವಿಯಲ್ಲೇ ಇದ್ದರೂ ಹಾಡು ನಿಲ್ಲುತ್ತದೆ. ಕಿವಿಯ ಗುಗ್ಗೆಯ ತೆಳುವಾದ ಜಿಡ್ಡು ಕೂತರೆ ಆಗುವುದು ಇದಕ್ಕೆ ವಿರುದ್ಧ. ಜಿಡ್ಡಿನ ಪದರವೇ ಬೆಳಕನ್ನು ಚದುರಿಸಿ ನೇರವಾಗಿ ಫೋಟೋಡಯೋಡ್‌ಗೆ ದಾಟಿಸುತ್ತದೆ. ಗಾಳಿಯಲ್ಲಿ 40 ಬರಬೇಕಾದದ್ದು 300 ಬರುತ್ತದೆ. 250ಕ್ಕೆ ಎಂದೂ ಇಳಿಯದ ಕಾರಣ ಇಯರ್‌ಬಡ್ಡನ್ನು ಮೇಜಿನ ಮೇಲಿಟ್ಟರೂ ಹಾಡು ನಡೆದೇ ಇರುತ್ತದೆ. ಕೊಳೆ ಒಂದೇ, ಫಲ ಎರಡು ಬಗೆ. ಎರಡಕ್ಕೂ ಒಣಗಿದ ಹತ್ತಿಕಡ್ಡಿಯಿಂದ ಕಿಂಡಿಯನ್ನು ಮೆಲ್ಲಗೆ ಒರೆಸುವುದೇ ಮೊದಲ ಮದ್ದು. ಪಿನ್ನು, ಸೂಜಿ ಬೇಡ. ಧ್ವನಿ ಬರುವ ಜಾಲರಿಯ ಮೇಲೆ ನೀರು, ಸ್ಪಿರಿಟ್ಟು ಹನಿಸಲೇಬಾರದು. ಚೆಂದಕ್ಕೆಂದು ಹಾಕುವ ರಬ್ಬರಿನ ಹೊದಿಕೆ ಕಿಂಡಿಯನ್ನು ಮುಚ್ಚಿದೆಯೇ ಎಂದೂ ನೋಡಿ.

ಇನ್ನು ಕಠಿಣವಾದ ಒಂದು ಪ್ರಕರಣ. ನನ್ನ ಅಕ್ಕನ ಮಗಳು ರಾಮನಗರದಿಂದ ಬೆಂಗಳೂರಿನ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಓಡಾಡುತ್ತಾಳೆ. “ಮಾಮ, ಬಲಗಡೆ ಬಡ್ ಕೆಟ್ಟಿದೆ. ಬಸ್ಸಲ್ಲಿ ಹಾಡು ನಿಂತು ನಿಂತು ಹೋಗುತ್ತೆ, ಆಮೇಲೆ ಶುರುವೇ ಆಗಲ್ಲ. ಅಂಗಡಿಯವರು ಹೊಸ ಜೊತೆನೇ ತಗೋ ಅಂತಾರೆ” ಎಂದಳು. ಟ್ಯೂಷನ್ ಹೇಳಿ ಕೂಡಿಸಿದ ಹಣದಲ್ಲಿ ಕೊಂಡದ್ದು ಅದು. ಕಾಲೇಜಿನಲ್ಲಿ, ಮನೆಯಲ್ಲಿ ಈ ತೊಂದರೆ ಇಲ್ಲ ಎಂದೂ ಹೇಳಿದಳು. ಕೆಟ್ಟ ವಸ್ತು ಜಾಗ ನೋಡಿ ಕೆಡುವುದಿಲ್ಲ.

ಮೊದಲ ಪರೀಕ್ಷೆಯಾಗಿ, ಫೋನಿನಲ್ಲಿ ಕಿವಿ ಗುರುತಿಸುವ ಸೌಲಭ್ಯವನ್ನೇ ಆರಿಸಿ ಒಂದು ದಿನ ಪ್ರಯಾಣ ಮಾಡು ಎಂದೆ. ಐಫೋನಿನೊಂದಿಗೆ ಏರ್‌ಪಾಡ್ಸ್ ಬಳಸುವವರಿಗೆ ಇದು `Settings` ಒಳಗೆ ಏರ್‌ಪಾಡ್ಸ್‌ನ ಹೆಸರನ್ನು ಒತ್ತಿದರೆ `Automatic Ear Detection` ಎಂದು ಸಿಗುತ್ತದೆ. ಬೇರೆಯವುಗಳಲ್ಲಿ ತಯಾರಕರ ಆ್ಯಪ್‌ನಲ್ಲಿ `In-ear detection` ಅಥವಾ ಅದನ್ನು ಹೋಲುವ ಹೆಸರು ಇರುತ್ತದೆ. ಆ ದಿನ ಹಾಡು ಒಮ್ಮೆಯೂ ನಿಲ್ಲಲಿಲ್ಲ. ಅಂದರೆ ಬ್ಲೂಟೂತ್ ಸಂಪರ್ಕ, ಬ್ಯಾಟರಿ, ಫೋನು ಎಲ್ಲವೂ ನಿರ್ದೋಷಿಗಳು. ಸಂವೇದಕವೇ ತಪ್ಪು ತಿಳಿಯುತ್ತಿದೆ.

ಎರಡನೆಯ ದಿನ ಸೌಲಭ್ಯವನ್ನು ಮತ್ತೆ ಹಾಕಿ, ಯಾವ ಕಡೆಯ ಕಿಟಕಿ, ಯಾವ ಹೊತ್ತು ಎಂದು ಬರೆದಿಟ್ಟುಕೊಂಡಳು. ಹೋಗುವಾಗಲೂ ಬಲಗಡೆಯ ಕಿಟಕಿ, ಬರುವಾಗಲೂ ಬಲಗಡೆಯ ಕಿಟಕಿ. ಎರಡೂ ಹೊತ್ತು ತೊಂದರೆ. ಭೂಪಟ ನೋಡಿದರೆ ಗುಟ್ಟು ತಿಳಿಯುತ್ತದೆ. ರಾಮನಗರ ಬೆಂಗಳೂರಿನ ನೈಋತ್ಯಕ್ಕಿದೆ. ಬೆಳಿಗ್ಗೆ ಈಶಾನ್ಯಕ್ಕೆ ಸಾಗುವ ಬಸ್ಸಿಗೆ ಮೂಡಣದ ಸೂರ್ಯ ಬಲಕ್ಕೆ. ಸಂಜೆ ನೈಋತ್ಯಕ್ಕೆ ಮರಳುವ ಬಸ್ಸಿಗೆ ಪಡುವಣದ ಸೂರ್ಯನೂ ಬಲಕ್ಕೇ! ಎರಡೂ ಹೊತ್ತು ತಗ್ಗಿನಲ್ಲಿರುವ ಸೂರ್ಯನ ಬಿಸಿಲು ನೇರವಾಗಿ ಬಲಕಿವಿಗೆ ಬೀಳುತ್ತಿತ್ತು. ಮೂರನೆಯ ದಿನ ಹಾಡು ನಿಂತೊಡನೆ ಬಲಕಿವಿಗೆ ದುಪಟ್ಟಾ ಮರೆ ಮಾಡಿದಳು. ಅಲ್ಲಿಂದ ಮುಂದಕ್ಕೆ ನಿಲ್ಲಲಿಲ್ಲ.

ಬಿಸಿಲನ್ನು ಕಳೆಯುವ ಉಪಾಯ ಇದ್ದರೂ ಹೀಗೇಕೆ? ಕಳೆಯಲು ಅಳೆಯಬೇಕು, ಅಳೆಯಲು ಮಿತಿಯಿದೆ. ಸಂವೇದಕ ಅಳೆಯಬಲ್ಲ ಗರಿಷ್ಠ 1000 ಎನ್ನೋಣ. ಬಿಸಿಲೇ 1000 ತುಂಬಿಬಿಟ್ಟರೆ ಎಲ್‌ಇಡಿ ಹೊತ್ತಿದಾಗಲೂ 1000, ಆರಿದಾಗಲೂ 1000. ಕಳೆದರೆ ಸೊನ್ನೆ. ಅಂಚಿನವರೆಗೆ ತುಂಬಿದ ಲೋಟಕ್ಕೆ ಇನ್ನೊಂದು ಚಮಚ ನೀರು ಹಾಕಿದಂತೆ. ಸೊನ್ನೆ 250ಕ್ಕಿಂತ ಕಡಿಮೆ, ಆದ್ದರಿಂದ ‘ಕಿವಿ ಬಿಟ್ಟಿತು’.

ಸರಿ, ಮರದ ನೆರಳು ಬಂದ ಮೇಲಾದರೂ ಹಾಡು ಮತ್ತೆ ಹೊರಡಬೇಕಿತ್ತಲ್ಲ? ಇಲ್ಲಿಯೇ ಎರಡನೆಯ ಗೆರೆ ಅಡ್ಡ ಬರುತ್ತದೆ. ಅವಳ ಬಡ್ ಕಿವಿಯಲ್ಲಿ ಸಡಿಲವಾಗಿತ್ತು. ಪೆಟ್ಟಿಗೆಯಿಂದ ಬಂದಾಗ ಇದ್ದ ಮಧ್ಯಮ ಅಳತೆಯ ಸಿಲಿಕೋನ್ ತುದಿಯನ್ನೇ ಬಳಸುತ್ತಿದ್ದಳು. ಹೊಸದಾಗಿ ಒತ್ತಿ ಹಾಕಿಕೊಂಡಾಗ ಅಳತೆ 400 ದಾಟುತ್ತದೆ. ಬಸ್ಸಿನ ಕುಲುಕಾಟಕ್ಕೆ ಜಾರಿ 330ಕ್ಕೆ ಬಂದರೂ ಹಿಂದಿನ ತೀರ್ಮಾನ ಉಳಿಯುವುದರಿಂದ ಹಾಡು ನಡೆಯುತ್ತಿರುತ್ತದೆ. ಬಿಸಿಲು ಒಮ್ಮೆ ಅದನ್ನು ನಿಲ್ಲಿಸಿತೆನ್ನಿ. ನೆರಳು ಬಂದಾಗ ಅಳತೆ ಮರಳುವುದು 330ಕ್ಕೆ, 400ಕ್ಕಲ್ಲ. ಹಾಡು ಶುರುವಾಗದು. ಸುಳ್ಳು ನಿಲುಗಡೆಯೂ ಮತ್ತೆ ಹೊರಡದಿರುವುದೂ ಒಟ್ಟಿಗೆ ಕಂಡರೆ ನಾನು ಮೊದಲು ಸಂಶಯಪಡುವುದು ಈ ಸಡಿಲತನವನ್ನು. ಪೆಟ್ಟಿಗೆಯಲ್ಲೇ ಬಿದ್ದಿದ್ದ ದೊಡ್ಡ ತುದಿಯನ್ನು ಬಲಗಡೆಗೆ ಹಾಕಿಸಿದೆ. ಬಡ್ ಒತ್ತಾಗಿ ಕುಳಿತಿತು, ಬಿಸಿಲು ನುಸುಳುವ ಸಂದೂ ಕಿರಿದಾಯಿತು. ಎಡಗಡೆ ಮಧ್ಯಮ, ಬಲಗಡೆ ದೊಡ್ಡದು. ನಮ್ಮ ಎರಡು ಕಿವಿಗಳು ಒಂದೇ ಅಳತೆಯವಾಗಿರಬೇಕೆಂಬ ನಿಯಮವೇನೂ ಇಲ್ಲವಷ್ಟೆ. ಹೊಸ ಜೊತೆಯ ಖರ್ಚು ಉಳಿಯಿತು.

ಜೇಬಿನ ಸಮಸ್ಯೆಯೂ ಒಂದಿದೆ. ಬಡ್ಡನ್ನು ಡಬ್ಬಿಗೆ ಹಾಕದೆ ಜೇಬಿಗೆ ಹಾಕಿದರೆ ಬಟ್ಟೆಯೂ ಬೆಳಕನ್ನು ಹಿಂತಿರುಗಿಸುತ್ತದೆ. ಬಡ್ ಅದನ್ನೇ ಕಿವಿ ಎಂದುಕೊಂಡು ಜೇಬಿನಲ್ಲೇ ಹಾಡತೊಡಗುತ್ತದೆ. 2016ರಲ್ಲಿ ಬಂದ ಮೊದಲ ಏರ್‌ಪಾಡ್ಸ್‌ನಲ್ಲಿ ಇದ್ದದ್ದು ಇಂಥ ಸಾಮಾನ್ಯ ದ್ಯುತಿ ಸಂವೇದಕವೇ. 2021ರ ಮೂರನೆಯ ಪೀಳಿಗೆಯಲ್ಲಿ ಚರ್ಮವನ್ನೇ ಗುರುತಿಸುವ ಸಂವೇದಕವನ್ನು ಅಳವಡಿಸಿದರು. ಇದರ ಹಿಂದಿನ ಭೌತಶಾಸ್ತ್ರ ಸೊಗಸಾಗಿದೆ. ಸುಮಾರು 1450 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ನೀರು ಚೆನ್ನಾಗಿ ಹೀರುತ್ತದೆ, ಅದಕ್ಕಿಂತ ಗಿಡ್ಡ ತರಂಗಾಂತರದ ಅವಗೆಂಪನ್ನು ಅಷ್ಟಾಗಿ ಹೀರುವುದಿಲ್ಲ. ನಮ್ಮ ಚರ್ಮದಲ್ಲಿ ನೀರಿದೆ, ಒಣಬಟ್ಟೆಯಲ್ಲಿ ಹೆಚ್ಚಿಲ್ಲ. ಎರಡು ಬಗೆಯ ಬೆಳಕು ಬಿಟ್ಟು, ಒಂದು ಹಿಂತಿರುಗಿ ಇನ್ನೊಂದು ಹೀರಿಹೋದರೆ ಅದು ಚರ್ಮ. ಎರಡೂ ಸರಿಸುಮಾರು ಸಮನಾಗಿ ಮರಳಿದರೆ ಬಟ್ಟೆ. ಅಂದಹಾಗೆ, ಅಷ್ಟು ಉದ್ದದ ತರಂಗ ಮೊಬೈಲ್ ಕ್ಯಾಮೆರಾದ ಸಿಲಿಕಾನ್‌ಗೂ ಕಾಣದು. ಕ್ಯಾಮೆರಾದಲ್ಲಿ ಮಿನುಗು ಕಾಣದಿದ್ದರೆ ಸಂವೇದಕ ಸತ್ತಿದೆ ಎಂದು ತೀರ್ಮಾನಿಸಬೇಡಿ.

ಕೊನೆಯದಾಗಿ, ಸಂವೇದಕ ಸರಿಯಾಗಿದ್ದೂ ಹಾಡು ಮರಳಿ ಶುರುವಾಗದ ಸಂದರ್ಭಗಳು. ಬಡ್ ಸ್ವತಃ ಹಾಡನ್ನು ಹಿಡಿದಿಟ್ಟುಕೊಂಡಿಲ್ಲ. ಅದು ಬ್ಲೂಟೂತ್ ಮೂಲಕ ಫೋನಿಗೆ ‘ನಿಲ್ಲಿಸು’, ‘ಹೊರಡಿಸು’ ಎಂಬ ಆಜ್ಞೆಗಳನ್ನು ಮುಟ್ಟಿಸುತ್ತದೆ, ಅಷ್ಟೆ. ಸಾಮಾನ್ಯವಾಗಿ ತಾನು ನಿಲ್ಲಿಸಿದ ಹಾಡನ್ನು ಮಾತ್ರ ತಾನು ಹೊರಡಿಸುತ್ತದೆ. ನೀವು ಫೋನಿನಲ್ಲೇ ಗುಂಡಿ ಒತ್ತಿ ನಿಲ್ಲಿಸಿದ್ದರೆ ಅದು ಸುಮ್ಮನಿರುತ್ತದೆ, ಇದು ದೋಷವಲ್ಲ. ಎರಡೂ ಬಡ್‌ಗಳನ್ನು ಡಬ್ಬಿಗೆ ಹಾಕಿದರೆ ಸಂಪರ್ಕವೇ ಕಡಿಯುತ್ತದೆ, ಆಗಲೂ ನೀವೇ ಹೊರಡಿಸಬೇಕು. ಬಹಳ ಹೊತ್ತು ಹೊರಗಿಟ್ಟಿದ್ದರೂ ಹಾಗೆಯೇ. ಫೋನು ಬ್ಯಾಟರಿ ಉಳಿಸಲೆಂದು ಹಿನ್ನೆಲೆಯಲ್ಲಿದ್ದ ಹಾಡಿನ ಆ್ಯಪನ್ನು ಮುಚ್ಚಿಬಿಟ್ಟಿದ್ದರೆ ಆಜ್ಞೆ ಬಂದರೂ ಕೇಳುವವರಿಲ್ಲ. ಗುರುತು ಹಿಡಿಯುವ ಬಗೆ ಹೀಗೆ: ಬಡ್ಡನ್ನು ಕಿವಿಗೆ ಹಾಕಿಕೊಂಡು ಅದರ ಮೈಯನ್ನೇ ತಟ್ಟಿ ಅಥವಾ ಒತ್ತಿ ಹಾಡನ್ನು ಹೊರಡಿಸಲು ನೋಡಿ. ಹೊರಟರೆ ಆಜ್ಞೆಯ ದಾರಿ ಸರಿಯಾಗಿದೆ, ಕಿಂಡಿಯನ್ನೂ ತುದಿಯ ಅಳತೆಯನ್ನೂ ಪರೀಕ್ಷಿಸಿ. ಹೊರಡದಿದ್ದರೆ ಕಿಂಡಿಯನ್ನು ಎಷ್ಟು ಒರೆಸಿದರೂ ಪ್ರಯೋಜನವಿಲ್ಲ. ಫೋನಿನಲ್ಲಿ ಆ್ಯಪ್‌ನ ಬ್ಯಾಟರಿ ನಿರ್ಬಂಧವನ್ನು ತೆಗೆದು, ಬಡ್‌ಗಳ ಜೋಡಣೆಯನ್ನು ಅಳಿಸಿ ಹೊಸದಾಗಿ ಜೋಡಿಸಿ ನೋಡಬೇಕು.