ಮುಚ್ಚಿದ ಪೆಟ್ಟಿಗೆಯೊಳಗೆ ನೀರು ಬಂತೆಲ್ಲಿಂದ?

ಈ ಮಾತು ಕೇಳ್ತಿರೋ ನಿಮ್ಮ ಫೋನಿಗೆ ಐಪಿ68 ಇದೆ ಅಂತ ಅಂಗಡಿಯವ್ರು ಹೇಳಿರಬಹುದು. ಅಂಥದೇ ಒಂದು ನಂಬರು ಹೊಲದಾಗಿನ ಬೋರ್‌ವೆಲ್ ಸ್ಟಾರ್ಟರ್ ಪೆಟ್ಟಿಗೆ ಮೇಲೂ ಇರ್ತದೆ, ಐಪಿ54 ಇಲ್ಲಾ ಐಪಿ65 ಅಂತ. ಆದ್ರೂ ಶ್ರಾವಣದ ಜಿಟಿಜಿಟಿ ಮಳೆ ನಾಲ್ಕು ದಿನ ಹಿಡಿದ ಮೇಲೆ ಬಾಗಿಲು ತೆಗೆದ್ರೆ ತಳದಲ್ಲಿ ನೀರು, ಟರ್ಮಿನಲ್ ಮೇಲೆ ಹಸಿರು ಕಿಲುಬು. ಬಾಗಿಲು ಹಾಕೇ ಇತ್ತು, ಮೇಲೆ ತಗಡಿನ ಮರೆಯೂ ಇತ್ತು. ಹಂಗಾದ್ರೆ ನೀರು ಬಂತೆಲ್ಲಿಂದ? ಇವತ್ತು ಅದೊಂದೇ ವಿಷಯ ಮಾತಾಡೋಣ.

ಮೊದಲು ಆ ನಂಬರಿನ ಅರ್ಥ ತಿಳ್ಕೊಳ್ಳೋಣ. ಐಪಿ ಆದಮೇಲೆ ಬರೋ ಮೊದಲ ಅಂಕಿ ಧೂಳಿಂದು, ಎರಡನೇದು ನೀರಿಂದು. ಐಪಿ65ರಲ್ಲಿ 6 ಅಂದ್ರೆ ಧೂಳು ಒಳಗೆ ಹೋಗಲ್ಲ, 5 ಅಂದ್ರೆ ಪೈಪಿನಿಂದ ನೀರು ಹೊಡೆದ್ರೂ ಒಳಗಿನ ಸಾಮಾನಿಗೆ ತೊಂದರೆ ಆಗಲ್ಲ. ಪರೀಕ್ಷೆ ಹೆಂಗಂದ್ರೆ, 6.3 ಮಿಲಿಮೀಟರ್ ಬಾಯಿಯ ನಳಿಕೆಯಿಂದ ನಿಮಿಷಕ್ಕೆ 12.5 ಲೀಟರ್ ನೀರನ್ನು ಸುಮಾರು ಮೂರು ಮೀಟರ್ ದೂರದಿಂದ ಎಲ್ಲಾ ಕಡೆ ಹೊಡೀತಾರೆ. ಕಡಿಮೆ ಅಂದ್ರೂ ಮೂರು ನಿಮಿಷ.

ಇಲ್ಲಿ ಒಂದು ಗಮನಿಸ್ರಿ. ಪರೀಕ್ಷೆಗೆ ಹೋಗೋದು ಹೊಸ ಪೆಟ್ಟಿಗೆ, ಹೊಸ ರಬ್ಬರು. ನೀರೂ ಪೆಟ್ಟಿಗೆಯೂ ಹೆಚ್ಚು ಕಡಿಮೆ ಒಂದೇ ಬಿಸಿಯಲ್ಲಿರಬೇಕು. ಬಿಸಿಲಿಗೆ ರಬ್ಬರು ಒಣಗಿ ಬಿರಿಯೋದು, ಒಳಗೆ ಇಬ್ಬನಿ ಕಟ್ಟೋದು, ಇವೆರಡೂ ಆ ನಂಬರಿನ ಲೆಕ್ಕದಲ್ಲಿ ಇಲ್ಲ. ನಮ್ಮ ಹೊಲದಲ್ಲಿ ದಿನಾ ನಡೆಯೋದು ಅವೇ.

ಬೀಳಗಿ ಕಡೆ ಒಂದು ಕಬ್ಬಿನ ಹೊಲ ಅಂತ ಇಟ್ಕೊಳ್ಳೋಣ. ಒಳಗೆ ಹತ್ತು ಲೀಟರ್ ಗಾಳಿ ಹಿಡಿಯೋ ಸ್ಟಾರ್ಟರ್ ಪೆಟ್ಟಿಗೆ. ಮೂರು ಫೇಸ್ ಕರೆಂಟ್ ಇದ್ದಷ್ಟು ತಾಸು ಮೋಟರ್ ಓಡಿದೆ, ಮೇಲೆ ಬಿಸಿಲೂ ಬಿದ್ದಿದೆ, ಒಳಗಿನ ಗಾಳಿ 50 ಡಿಗ್ರಿ ಆಗಿದೆ. ಮಧ್ಯಾಹ್ನ ಕರೆಂಟ್ ಹೋಯ್ತು, ಅದೇ ಹೊತ್ತಿಗೆ ಮಳೆ ಬಂದು ಪೆಟ್ಟಿಗೆ 25 ಡಿಗ್ರಿಗೆ ತಣ್ಣಗಾಯ್ತು. ತಣ್ಣಗಾದ ಗಾಳಿ ಕುಗ್ಗುತ್ತದೆ. ಎಷ್ಟು? ನೂರಕ್ಕೆ ಸುಮಾರು ಎಂಟು ಪಾಲು. ಅಂದ್ರೆ ಆ ಪೆಟ್ಟಿಗೆ ಹೊರಗಿನಿಂದ ಮುಕ್ಕಾಲು ಲೀಟರ್‌ನಷ್ಟು ಗಾಳಿಯನ್ನು ಒಳಗೆ ಎಳ್ಕೋಬೇಕು. ಪೂರ್ತಿ ಬಿಗಿಯಾಗಿದ್ದು ಎಳ್ಕೊಳ್ಳೋಕೆ ದಾರಿ ಇಲ್ಲದಿದ್ರೆ, ಸಂದಿಗಳ ಮೇಲೆ ಬೀಳೋ ಒತ್ತಡ ಪೆಟ್ಟಿಗೆಯನ್ನ 80 ಸೆಂಟಿಮೀಟರ್ ನೀರಲ್ಲಿ ಮುಳುಗಿಸಿದಷ್ಟು.

ಈಗ ಕೇಬಲ್ ಬರೋ ಜಾಗದ ಸುತ್ತ ಮಳೆ ನೀರು ನಿಂತಿದೆ ಅಂದ್ಕೊಳ್ರಿ. ಎಳೆಯೋ ಗಾಳಿಯ ಜೊತೆ ಆ ನೀರೂ ಒಳಗೆ ಹೋಗ್ತದೆ. ಜೋರು ಮಳೆ ಬೇಕಂತಿಲ್ಲ. ಬಿಸಿ, ತಂಪು, ಬಿಸಿ, ತಂಪು ಆದ್ರೆ ಸಾಕು. ಅದಕ್ಕೇ ಕರೆಂಟ್ ಬಂದು ಹೋಗೋ ಹೊಲದಲ್ಲಿ, ಬಿಟ್ಟು ಬಿಟ್ಟು ಬರೋ ಮಳೆಯಲ್ಲಿ ಪೆಟ್ಟಿಗೆ ಬೇಗ ಕೆಡೋದು.

ಹಂಗಾದ್ರೆ ಕೇಬಲ್ ಸುತ್ತ ಸಂದಿ ಯಾಕಿರ್ತದೆ? ಇದು ಬಹಳ ಮಂದಿ ನೋಡದ ಸಂಗತಿ. ಕೇಬಲ್ ಹಾಯುವ ತೂತಿಗೆ ಗ್ಲ್ಯಾಂಡ್ ಅಂತ ಹಾಕ್ತಾರೆ, ನಟ್ಟು ಬಿಗಿದಂಗೆ ಅದರೊಳಗಿನ ರಬ್ಬರ್ ಬಳೆ ಕೇಬಲನ್ನ ಅವುಚಿ ಹಿಡೀತದೆ. ಆ ಬಳೆ ಗುಂಡಗಿದೆ. ಆದ್ರೆ ಸಬ್‌ಮರ್ಸಿಬಲ್ ಮೋಟರಿಗೆ ಇಳಿಯೋದು ಮೂರು ಎಳೆಯ ಚಪ್ಪಟೆ ಕೇಬಲ್. ಗುಂಡನೆ ಬಳೆಯೊಳಗೆ ಚಪ್ಪಟೆ ಕೇಬಲ್ ಹಾಕಿ ಎಷ್ಟು ಬಿಗಿದ್ರೂ ಎರಡೂ ಮಗ್ಗುಲಿಗೆ ಸಂದಿ ಉಳೀತದೆ. ಪೆಟ್ಟಿಗೆ ಮೇಲೆ ಐಪಿ65 ಅಂತಿರ್ತದೆ, ಆದ್ರೆ ನಾವು ಕೊರೆದ ಆ ತೂತಿಗೆ ಯಾವ ನಂಬರೂ ಇಲ್ಲ. ಕೆಲವ್ರು ಗ್ಲ್ಯಾಂಡೇ ಹಾಕಲ್ಲ, ತೂತಿಗೆ ಟೇಪ್ ಸುತ್ತಿ ಬಿಡ್ತಾರೆ. ಒಂದು ಬೇಸಿಗೆ ಕಳೆಯೋದ್ರಲ್ಲಿ ಟೇಪ್ ಬಿಚ್ಚಿಕೊಳ್ತದೆ.

ಸರಿಪಡಿಸೋದು ಹೆಂಗೆ? ಕೇಬಲ್ ಯಾವಾಗಲೂ ತಳದಿಂದ ಒಳಗೆ ಬರಲಿ. ಮೇಲಿನ ತೂತು, ಬದಿಯ ತೂತು ಬೇಡ. ತೂತಿಗಿಂತ ಒಂದು ಗೇಣು ಕೆಳಗೆ ಕೇಬಲ್ ಜೋತು ಬಿದ್ದು ಮತ್ತೆ ಮೇಲೆ ಏರಲಿ, ಆಗ ಹರಿದು ಬಂದ ನೀರು ಆ ಬಾಗಿನ ತುದಿಯಿಂದ ನೆಲಕ್ಕೆ ಬೀಳ್ತದೆ. ಚಪ್ಪಟೆ ಕೇಬಲಿಗೆ ಅದರದೇ ಆಕಾರದ ರಬ್ಬರ್ ಇರೋ ಗ್ಲ್ಯಾಂಡ್ ಕೇಳ್ರಿ. ಸಿಗದಿದ್ರೆ ಕೆಳಗೆ ಬೇರೆ ಜಂಕ್ಷನ್ ಬಾಕ್ಸ್ ಇಟ್ಟು, ಚಪ್ಪಟೆ ಕೇಬಲ್ ಅಲ್ಲಿಗೇ ಮುಗಿಸಿ, ಅಲ್ಲಿಂದ ಗುಂಡನೆ ಕೇಬಲ್ ಮೇಲಿನ ಸ್ಟಾರ್ಟರಿಗೆ ತಗೊಳ್ರಿ. ಕೆಟ್ರೆ ಕೆಳಗಿನ ಸಣ್ಣ ಡಬ್ಬಿ ಕೆಡಲಿ, ಸ್ಟಾರ್ಟರ್ ಉಳೀಲಿ. ಬೋರ್ ಬಾಯಿಂದ ಕೇಬಲ್ ಪೈಪಿನೊಳಗೆ ಬರ್ತಿದ್ರೆ ಪೈಪಿನ ಮೇಲಿನ ತುದಿ ಮುಚ್ರಿ, ಇಲ್ಲಾಂದ್ರೆ ಬೋರಿನ ಹಸಿ ಗಾಳಿ ನೇರವಾಗಿ ಪೆಟ್ಟಿಗೆಗೇ ಏರ್ತದೆ.

ಇನ್ನೊಂದು ಮಾತು. ಎಲ್ಲಾ ತೂತು ಸಿಲಿಕಾನ್ ಹಾಕಿ ಮುಚ್ಚಿಬಿಡೋಣ ಅಂತಾರೆ. ಬೇಡ. ಗಾಳಿಯ ಜೊತೆ ಒಳಗೆ ಬಂದ ಆವಿ ರಾತ್ರಿ ತಂಪಿಗೆ ಹನಿಯಾಗ್ತದೆ. ಒಂದು ರಾತ್ರಿಗೆ ಎರಡು ಮೂರು ಹನಿ ಅಷ್ಟೇ, ಆದ್ರೆ ಹೊರಗೆ ಹೋಗೋಕೆ ದಾರಿ ಇಲ್ಲದಿದ್ರೆ ಆಷಾಢ ಶ್ರಾವಣ ಕಳೆಯೋ ಹೊತ್ತಿಗೆ ಅದೇ ತಳದ ನೀರಾಗ್ತದೆ. ಅದಕ್ಕೇ ತಳದಲ್ಲಿ ‘ಬ್ರೀದರ್ ಡ್ರೈನ್’ ಅನ್ನೋ ಸಣ್ಣ ಬಿರಡೆ ಹಾಕಿಸ್ರಿ. ಅದು ಗಾಳಿ ಆಡೋಕೆ ಬಿಡ್ತದೆ, ನೀರು ಹೊರಗೆ ಬಿಡ್ತದೆ, ಹುಳ ಇರುವೆ ಒಳಗೆ ಬಿಡಲ್ಲ.

ರಬಕವಿ-ಬನಹಟ್ಟಿಯಲ್ಲಿ ಪವರ್‌ಲೂಮ್ ಇರೋರಿಗೆ ಮೊದಲ ಅಂಕಿಯೂ ಅಷ್ಟೇ ಮುಖ್ಯ. ಪೆಟ್ಟಿಗೆಯೊಳಗೆ ಸೇರಿದ ಹತ್ತಿಯ ನವಿರು ಮಳೆಗಾಲದ ಹಸಿಯನ್ನ ಹೀರಿ ಹಿಡ್ಕೊಳ್ತದೆ. ಎರಡು ಟರ್ಮಿನಲ್ ನಡುವೆ ಆ ಒದ್ದೆ ನವಿರು ಕೂತ್ರೆ ಅಲ್ಲಿಂದಲೇ ಕರೆಂಟ್ ಹರಿದು ಕರಿ ಗೆರೆ ಮೂಡ್ತದೆ. ಅಂಥ ಗೆರೆ ಕಂಡ್ರೆ ಒರೆಸಿದ್ರೆ ಸಾಲದು, ಆ ಭಾಗವನ್ನೇ ಬದಲಿಸಬೇಕು.

ನಿಮ್ಮ ಪೆಟ್ಟಿಗೆ ಹೆಂಗಿದೆ ಅಂತ ನೋಡೋದಕ್ಕೆ ಒಂದು ಕಾಗದದ ಚೂರು ಸಾಕು. ಕಂಬದ ಕಡೆಯಿಂದ ಬರೋ ಮೇನ್ ಆಫ್ ಮಾಡಿ, ಬಾಗಿಲ ಸಂದಿಗೆ ಕಾಗದ ಇಟ್ಟು ಬಾಗಿಲು ಹಾಕಿ ಎಳೀರಿ. ಸರಾಗ ಬಂದ್ರೆ ಅಲ್ಲಿ ರಬ್ಬರ್ ಒತ್ತುತ್ತಿಲ್ಲ. ನಾಲ್ಕೂ ಮೂಲೆ ನೋಡ್ರಿ, ಬಿಡೋದು ಹೆಚ್ಚಾಗಿ ಮೂಲೆಯಲ್ಲೇ. ಒಳಗೆ ನೀರು ಕಂಡಿದ್ರೆ ಒಣಗಿಸಿ ಹಂಗೇ ಚಾಲೂ ಮಾಡಬೇಡ್ರಿ. ವೈರ್‌ಮನ್ ಕಡೆಯಿಂದ 500 ವೋಲ್ಟಿನ ಮೆಗ್ಗರ್ ಹಿಡಿಸಿ, ವೈರಿಂಗ್ ಕಡಿಮೆ ಅಂದ್ರೂ ಒಂದು ಮೆಗಾಓಮ್ ತೋರಿಸಬೇಕು. ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಕೆಸರಿನಲ್ಲಿ ನಿಂತು ಸ್ಟಾರ್ಟರ್ ಮುಟ್ಟೋರು ನಾವು. ಒಳಗೆ ಹಸಿ ಇದ್ದು ಅರ್ಥಿಂಗ್ ತುಂಡಾಗಿದ್ರೆ ಕಬ್ಬಿಣದ ಪೆಟ್ಟಿಗೆಯೇ ಜೀವ ತೆಗೀತದೆ. ಅರ್ಥಿಂಗ್ ವೈರ್ ಗಟ್ಟಿ ಇದೆಯಾ ಅಂತ ಮಳೆಗೆ ಮೊದಲೇ ನೋಡಿಸ್ರಿ.

ಕೊನೆಗೆ ಹೊಳೆ ದಂಡೆಯವರಿಗೆ. 2019ರ ಆಗಸ್ಟ್‌ನಲ್ಲಿ ಜಮಖಂಡಿ ಕಡೆ ಕೃಷ್ಣಾ, ಮುಧೋಳ ಕಡೆ ಘಟಪ್ರಭಾ ಹೆಂಗೆ ಉಕ್ಕಿ ಬಂದ್ವು ನೆನಪಿದೆಯಲ್ರಿ. ಅಂಥ ನೀರಿಗೆ ಐಪಿ65 ತಡೆಯಲ್ಲ, ಅದರಲ್ಲಿ ಮುಳುಗಿಸೋ ಪರೀಕ್ಷೆಯೇ ಇಲ್ಲ. ಐಪಿ67 ಅಂದ್ರೂ ಒಂದು ಮೀಟರ್ ಆಳ, ಅರ್ಧ ತಾಸು ಅಷ್ಟೇ. ಹೊಳೆ ಇಳಿಯೋಕೆ ದಿನಗಟ್ಟಲೆ ಬೇಕು. ಅಲ್ಲಿ ಉಳಿಯೋ ದಾರಿ ಒಂದೇ, ಹಿಂದಿನ ನೆರೆಯ ಗುರುತಿಗಿಂತ ಎತ್ತರಕ್ಕೆ ಪೆಟ್ಟಿಗೆ ಕಟ್ಟೋದು. ಮುಳುಗಿದ ಎಂಸಿಬಿಯನ್ನ ಒಣಗಿಸಿ ಮತ್ತೆ ಹಾಕಬೇಡ್ರಿ, ಹೊಸದು ತರ್ರಿ. ಹೊರಗೆ ಚಲೋ ಕಂಡ್ರೂ, ಟ್ರಿಪ್ ಆಗಬೇಕಾದ ಹೊತ್ತಿಗೆ ಅದು ಆಗದೇ ಇರಬಹುದು.

ಈ ವಾರ ಹೊಲಕ್ಕೆ ಹೋದಾಗ ಪೆಟ್ಟಿಗೆ ಮೇಲಿನ ನಂಬರ್ ಓದ್ರಿ, ಆಮೇಲೆ ಬಗ್ಗಿ ತಳದ ತೂತು ನೋಡ್ರಿ.